ಮುಂದಿನ ಪದ್ಯ ಯಾರದು? ಕೇಳುಗರ ಮತ, ಆಯ್ಕೆಯ ಪಟ್ಟಿ ಮತ್ತು ಸರದಿಯ ಪ್ರಶ್ನೆ

ಯೂಟ್ಯೂಬಿನಲ್ಲಿ ಗಮಕವಾಚನವನ್ನೋ ವಚನಗಾಯನವನ್ನೋ ಕಥನವನ್ನೋ ನಿಯತವಾಗಿ ಪ್ರಕಟಿಸುವವರ ಕೈಯಲ್ಲಿ ಇಂದು ಒಂದು ಸರಳವಾದ ಸಲಕರಣೆಯಿದೆ. 2016ರಲ್ಲಿ ಆರಂಭವಾದ ಕಮ್ಯುನಿಟಿ ಪೋಸ್ಟ್‌ನ ವ್ಯವಸ್ಥೆಯಲ್ಲಿ ಒಂದು ಪ್ರಶ್ನೆಯನ್ನು ಬರೆದು, ಅದರ ಕೆಳಗೆ ನಾಲ್ಕೈದು ಉತ್ತರಗಳನ್ನು ಕೊಟ್ಟರೆ ಕೇಳುಗರು ಅವುಗಳಲ್ಲಿ ಒಂದಕ್ಕೆ ಮತ ಹಾಕಬಹುದು. ‘ಮುಂದಿನ ವಾರ ಯಾವ ಪದ್ಯ ಓದೋಣ?’, ‘ಮುಂದೆ ಯಾವ ಕಥೆ ಹೇಳೋಣ?’ ಎಂದು ಕೇಳುವುದು, ಬಂದ ಮತಗಳಂತೆ ನಡೆಯುವುದು, ಆಮೇಲೆ ‘ಚಂದಾದಾರರ ಆಯ್ಕೆ’ ಎಂಬ ಶೀರ್ಷಿಕೆಯಲ್ಲಿ ಅದನ್ನು ಪ್ರಕಟಿಸುವುದು, ಇಷ್ಟು ಇದರ ಕ್ರಮ. ಹೊರನೋಟಕ್ಕೆ ಇದಕ್ಕಿಂತ ನಿರಪಾಯಕಾರಿಯಾದ ಪ್ರಜಾಪ್ರಭುತ್ವ ಇನ್ನೊಂದಿಲ್ಲ.

ಆದರೆ ಸಾಹಿತ್ಯ ವಿಮರ್ಶೆಯ ಕಣ್ಣಿನಿಂದ ನೋಡಿದರೆ ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದಾಗಿ ಕಲೆತುಹೋಗಿವೆ. ಮತ ಹಾಕುವವರು ಯಾರು ಎಂಬುದು ಮೊದಲನೆಯದು. ಅವರ ಮುಂದಿಟ್ಟ ಪಟ್ಟಿಯನ್ನು ಯಾರು, ಹೇಗೆ ಕಟ್ಟಿದರು ಎಂಬುದು ಎರಡನೆಯದು. ‘ಮುಂದಿನದು’ ಎಂಬ ಮಾತಿಗೆ ಆ ಕೃತಿಯಲ್ಲಿ ಅರ್ಥವೇನು ಎಂಬುದು ಮೂರನೆಯದು. ಈ ಮೂರನ್ನೂ ಬಿಡಿಸಿ ನೋಡಿದಾಗ ಗಡಿಯಾಚೆಯ ಕನ್ನಡಿಗರಿಗೆ ಪರಿಚಿತವಾದ ಒಂದು ಹಳೆಯ ಸಮಸ್ಯೆ ಹೊಸ ವೇಷದಲ್ಲಿ ಎದುರಾಗುತ್ತದೆ. ಬಹುಮತದ ಎಣಿಕೆಯಲ್ಲಿ ಯಾವಾಗಲೂ ಸೋಲುವ ಒಂದು ಗುಂಪಿಗೆ, ಮತದ ಹಕ್ಕು ಇದ್ದೂ ಸರದಿ ಬರುವುದಿಲ್ಲ. ಈ ಲೇಖನದ ವಾದ ಇದನ್ನು ಕುರಿತದ್ದು.

ಮತ ಯಾರದು?

‘ಚಂದಾದಾರರ ಆಯ್ಕೆ’ ಎಂಬ ಹೆಸರೇ ಪೂರ್ತಿ ನಿಜವಲ್ಲ. ಚಾನೆಲ್ಲಿನ ಪೋಸ್ಟು ಎಲ್ಲ ಚಂದಾದಾರರಿಗೂ ತಪ್ಪದೆ ತಲುಪುವ ಸುತ್ತೋಲೆಯಲ್ಲ. ಯಾರ ಮುಖಪುಟದಲ್ಲಿ ಅದು ಕಾಣಬೇಕೆಂಬುದನ್ನು ಯೂಟ್ಯೂಬಿನ ಶಿಫಾರಸು ವ್ಯವಸ್ಥೆ ನಿರ್ಧರಿಸುತ್ತದೆ. ಚಂದಾದಾರರಲ್ಲದವರಿಗೂ ಅದು ಕಾಣಬಹುದು, ಅವರೂ ಮತ ಹಾಕಬಹುದು. ಚಾನೆಲ್ ನಡೆಸುವವರಿಗೆ ದೊರೆಯುವುದು ಒಟ್ಟು ಮತಗಳ ಸಂಖ್ಯೆ ಮತ್ತು ಪ್ರತಿಯೊಂದು ಆಯ್ಕೆಗೆ ಬಂದ ಶೇಕಡಾವಾರು ಪಾಲು ಮಾತ್ರ. ಯಾರು ಯಾವುದಕ್ಕೆ ಮತ ಹಾಕಿದರು, ಅವರು ಯಾವ ಊರಿನವರು, ಈ ಹಿಂದೆ ಒಂದಾದರೂ ವಾಚನವನ್ನು ಕೊನೆಯವರೆಗೆ ಕೇಳಿದವರೇ ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ಮತದಾರರ ಗುಟ್ಟು ಕಾಪಾಡುವ ದೃಷ್ಟಿಯಿಂದ ಇದು ಸರಿಯೇ. ಆದರೆ ಆ ಅಂಕಿಯನ್ನು ‘ನಮ್ಮ ಕೇಳುಗರ ಅಭಿರುಚಿ’ ಎಂದು ಓದುವುದು ತಪ್ಪಾಗುತ್ತದೆ.

ಮಕ್ಕಳ ಕಥೆಯ ವಿಷಯದಲ್ಲಂತೂ ಈ ಅಂತರ ಇನ್ನೂ ಸ್ಪಷ್ಟ. ಮಕ್ಕಳಿಗಾಗಿ ಮಾಡಿದ್ದು ಎಂದು ಗುರುತಿಸಿದ ಚಾನೆಲ್ಲಿಗೆ ಪೋಸ್ಟಿನ ಸೌಲಭ್ಯವೇ ಇರುವುದಿಲ್ಲ. ಹಾಗಾಗಿ ಕಥೆ ಕೇಳುವ ಮಗುವಿನ ಮತ ಈ ದಾರಿಯಿಂದ ಎಂದೂ ಬರಲಾರದು. ಸಾಮಾನ್ಯ ಚಾನೆಲ್ಲೊಂದರಲ್ಲಿ ಮಕ್ಕಳ ಕಥೆಗೆ ಮತ ಕೇಳಿದರೆ ಉತ್ತರಿಸುವವರು ಹಿರಿಯರು; ಅವರು ಆರಿಸುವುದು ತಾವು ಚಿಕ್ಕವರಿದ್ದಾಗ ಕೇಳಿದ ಕಥೆ.

ಗಡಿಪ್ರದೇಶಗಳಿಗೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಸೋರಿಕೆಯಿದೆ. ವಾಚನ ಧ್ವನಿಯಲ್ಲಿದೆ, ಮತಪತ್ರ ಲಿಪಿಯಲ್ಲಿದೆ. ಸೊಲ್ಲಾಪುರದಲ್ಲಿ ಮರಾಠಿ ಮಾಧ್ಯಮದಲ್ಲಿ, ಹೊಸೂರಿನಲ್ಲಿ ತಮಿಳು ಮಾಧ್ಯಮದಲ್ಲಿ ಓದಿದ ಕನ್ನಡ ಮನೆಯ ಮಗ ಅಥವಾ ಮಗಳು ವಚನವನ್ನು ಕೇಳಿ ತಲೆದೂಗಬಲ್ಲರು. ಕನ್ನಡ ಅಕ್ಷರದಲ್ಲಿ ಬರೆದ ಐದು ಆಯ್ಕೆಗಳನ್ನು ಓದಲಾರರು. ಕಿವಿಯ ಕನ್ನಡಿಗರನ್ನು ಕಣ್ಣಿನ ಕನ್ನಡಿಗರಿಂದ ಬೇರ್ಪಡಿಸುವ ಈ ಜರಡಿಯಲ್ಲಿ ಉಳಿಯುವವರು ಶಾಲೆಯಲ್ಲಿ ಕನ್ನಡ ಕಲಿತವರು. ಅವರು ಗುರುತಿಸುವ ಹೆಸರುಗಳು ಬಹುಮಟ್ಟಿಗೆ ಪಠ್ಯಪುಸ್ತಕದ ಹೆಸರುಗಳು. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ವಾಚನದ ಕೊನೆಯಲ್ಲಿ ಮುಂದಿನ ಆಯ್ಕೆಗಳನ್ನು ಒಂದು, ಎರಡು, ಮೂರು ಎಂದು ಬಾಯಲ್ಲೇ ಹೇಳಿ, ಪ್ರತಿಯೊಂದರ ಒಂದೆರಡು ಸಾಲನ್ನು ಹಾಡಿ ತೋರಿಸಿ, ಪೋಸ್ಟಿನಲ್ಲಿ ಅಂಕಿಯನ್ನು ಮುಂದಿಟ್ಟರೆ ಸಾಕು. ಆಗ ಮತ ಹೆಸರಿಗೆ ಬೀಳದೆ ಕೇಳಿದ ದನಿಗೆ ಬೀಳುತ್ತದೆ.

ಪಟ್ಟಿ ಕಟ್ಟುವ ಕೈ

ಪೋಲಿನ ಒಂದೊಂದು ಆಯ್ಕೆಗೂ ಸಿಗುವುದು ಒಂದು ಗಿಡ್ಡ ಸಾಲಿನಷ್ಟು ಜಾಗ. ಅದರಲ್ಲಿ ಕವಿಯ ಹೆಸರು, ಕೃತಿಯ ಹೆಸರು ಹಿಡಿಯುತ್ತವೆ, ಪದ್ಯ ಹಿಡಿಯುವುದಿಲ್ಲ. ಆದ್ದರಿಂದ ಮತದಾರನು ತನಗೆ ಮೊದಲೇ ಗೊತ್ತಿರುವುದನ್ನು ಆರಿಸುತ್ತಾನೆ. ಗೊತ್ತಿಲ್ಲದ್ದನ್ನು ಆರಿಸಲು ಅವನಿಗೆ ಕಾರಣವೇ ಇರುವುದಿಲ್ಲ. ಜೊತೆಗೆ ಒಬ್ಬರಿಗೆ ಒಂದೇ ಆಯ್ಕೆ. ‘ಇದು ಬಹಳ ಇಷ್ಟ, ಅದೂ ಆಗಬಹುದು, ಮೂರನೆಯದು ಬೇಡವೇ ಬೇಡ’ ಎಂದು ಹೇಳುವ ದಾರಿಯಿಲ್ಲ. ಒಂದೇ ಮತದ ಚುನಾವಣೆಯಲ್ಲಿ ಅಭಿರುಚಿ ಬದಲಾಗದೆಯೇ ಫಲಿತಾಂಶ ಬದಲಾಗಬಹುದು ಎಂಬುದನ್ನು ಫ್ರಾನ್ಸಿನ ಬೋರ್ದಾ ಮತ್ತು ಕೊಂಡೋರ್ಸೆ 18ನೆಯ ಶತಮಾನದಲ್ಲಿಯೇ ಚರ್ಚಿಸಿದ್ದರು. ಪದ್ಯದ ಆಯ್ಕೆಯಲ್ಲಿ ಅದು ಹೇಗೆ ನಡೆಯುತ್ತದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು.

ವಾರಕ್ಕೊಂದು ವಾಚನ ನೀಡುವ ಚಾನೆಲ್ ಒಂದಿದೆ ಎನ್ನೋಣ. ನೂರು ಮತದಾರರಲ್ಲಿ 58 ಮಂದಿಗೆ ಕುಮಾರವ್ಯಾಸ ಭಾರತ ಬೇಕು. 27 ಮಂದಿಗೆ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ಯಕ್ಷಗಾನ ರಾಮಾಯಣದ ಪ್ರಸಂಗಗಳು ಬೇಕು. ಉಳಿದ 15 ಮಂದಿಗೆ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ತ್ರಿಪದಿಯಲ್ಲಿ ಬರೆದ ಸಿದ್ಧರಾಮೇಶ್ವರ ಪುರಾಣ ಬೇಕು. ಮೂರೇ ಆಯ್ಕೆಗಳನ್ನು ಕೊಟ್ಟರೆ ಕುಮಾರವ್ಯಾಸನಿಗೆ ನಿಸ್ಸಂದೇಹವಾದ ಬಹುಮತ. ಈಗ ಅದೇ ಜನರ ಮುಂದೆ ಐದು ಆಯ್ಕೆಗಳ ಪಟ್ಟಿ ಇಡೋಣ: ಕುಮಾರವ್ಯಾಸನದೇ ಮೂರು ಸಂಧಿಗಳು, ಪಾರ್ತಿಸುಬ್ಬನ ಒಂದು ಪ್ರಸಂಗ, ಪುರಾಣದ ಒಂದು ಭಾಗ. ಆ 58 ಮತಗಳು 22, 20, 16 ಎಂದು ಹಂಚಿಹೋದರೆ 27 ಮತಗಳ ಪ್ರಸಂಗವೇ ಗೆಲ್ಲುತ್ತದೆ. ಜನ ಅವರೇ, ಅವರ ಇಷ್ಟವೂ ಅದೇ. ಬದಲಾದದ್ದು ಪಟ್ಟಿ ಮಾತ್ರ.

ಹೀಗೆ ಆಯ್ಕೆಯನ್ನು ಕೇಳುಗರಿಗೆ ಒಪ್ಪಿಸಿದ್ದೇವೆಂದು ಹೇಳುವಾಗಲೂ ಸಂಪಾದಕನ ಅಧಿಕಾರ ಎಲ್ಲಿಗೂ ಹೋಗಿರುವುದಿಲ್ಲ. ಪದ್ಯವನ್ನು ಆರಿಸುವ ಕೆಲಸದಿಂದ ಪಟ್ಟಿಯನ್ನು ಕಟ್ಟುವ ಕೆಲಸಕ್ಕೆ ಅದು ಜರುಗಿರುತ್ತದೆ. ಅಲ್ಲಿ ಅದು ಕಾಣಿಸುವುದಿಲ್ಲ, ಆದ್ದರಿಂದ ಪ್ರಶ್ನೆಗೂ ಒಳಗಾಗುವುದಿಲ್ಲ. ಪಟ್ಟಿಯ ಮೊದಲ ಸ್ಥಾನದಲ್ಲಿರುವ ಆಯ್ಕೆಗೆ ಆ ಸ್ಥಾನದ ಕಾರಣದಿಂದಲೇ ಸ್ವಲ್ಪ ಅನುಕೂಲವಾಗುವುದೂ ಉಂಟು. ಪ್ರತಿವಾರ ಒಂದೇ ಹೆಸರು ಮೇಲಿದ್ದು ಅದೇ ಗೆಲ್ಲುತ್ತಿದ್ದರೆ, ಕ್ರಮವನ್ನು ತಿರುಗಿಸಿ ಇನ್ನೆರಡು ವಾರ ಕೇಳಿ ನೋಡಬೇಕು. ಗೆಲುವಿನ ಅಂತರ ಕುಗ್ಗಿದರೆ ಅದರಲ್ಲಿ ಸ್ವಲ್ಪ ಪಾಲು ಸ್ಥಾನದ್ದೆಂದು ಊಹಿಸಬಹುದು.

ಬಿಡಿಪದ್ಯ ಮತ್ತು ಕಥೆ

ಇನ್ನು ‘ಮುಂದಿನದು’ ಎಂಬ ಮಾತು. ನಮ್ಮ ಕಾವ್ಯಮೀಮಾಂಸೆ ಮುಕ್ತಕವನ್ನೂ ಪ್ರಬಂಧವನ್ನೂ ಬೇರೆಯಾಗಿ ಕಂಡಿದೆ. ಮುಕ್ತಕ ಎಂದರೆ ಹಿಂದುಮುಂದಿನ ಆಸರೆಯಿಲ್ಲದೆ ತನ್ನಷ್ಟಕ್ಕೆ ನಿಲ್ಲಬಲ್ಲ ಪದ್ಯ. ಸರ್ವಜ್ಞನ ತ್ರಿಪದಿಗಳಲ್ಲಿ ಯಾವುದು ಮೊದಲು ಬಂದರೂ ಯಾವುದಕ್ಕೂ ನಷ್ಟವಿಲ್ಲ. ಅಲ್ಲಿ ಕೇಳುಗರು ಮತ ಹಾಕಿ ಆರಿಸುವುದು ಪದ್ಯದ ಸ್ವಭಾವಕ್ಕೆ ಒಪ್ಪುವ ಕ್ರಮ. ಕಥನಕಾವ್ಯದಲ್ಲಿ ‘ಮುಂದಿನದು’ ಯಾವುದೆಂದು ಕವಿ ಆಗಲೇ ಆರಿಸಿಬಿಟ್ಟಿದ್ದಾನೆ. ಅಲ್ಲಿ ಮತ ಕೇಳುವುದೆಂದರೆ ಕವಿಯ ಕ್ರಮವನ್ನು ರದ್ದುಮಾಡುವುದು.

ಭಾರತದ ಕಥೆ ಎಲ್ಲರಿಗೂ ಗೊತ್ತಿರುವಾಗ ಕ್ರಮ ತಪ್ಪಿದರೇನು ಎಂದು ಕೇಳಬಹುದು. ಕಥೆಯ ಮಾಹಿತಿ ತಪ್ಪುವುದಿಲ್ಲ, ನಿಜ. ಆದರೆ ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನಿಗೆ ಅವನ ಹುಟ್ಟನ್ನು ತಿಳಿಸುವ ಸಂದರ್ಭವನ್ನು ಕುಮಾರವ್ಯಾಸನ ಮಾತಿನಲ್ಲಿಯೇ ಕೇಳಿಸಿಕೊಂಡ ಕಿವಿ ಬೇರೆ, ಅದನ್ನು ಕೇಳದೆ ಕರ್ಣಪರ್ವಕ್ಕೆ ಬಂದ ಕಿವಿ ಬೇರೆ. ಯುದ್ಧದ ಸಂಧಿಗಳು ಜನಪ್ರಿಯವಾಗಿರುವುದರಿಂದ ಮತ ಅವುಗಳ ಕಡೆಗೇ ಹರಿಯುತ್ತದೆ. ಅವುಗಳಿಗೆ ಭಾರವನ್ನು ತುಂಬಿಕೊಡುವ ಮಾತುಕತೆಯ ಸಂಧಿಗಳು ಹಿಂದೆ ಬೀಳುತ್ತವೆ. ಹತ್ತು ವಾರ ಹೀಗೆ ನಡೆದರೆ ಉಳಿಯುವುದು ಶಿಖರಗಳ ಪಟ್ಟಿ. ಅವುಗಳ ನಡುವಿನ ಏರುದಾರಿ ಮಾಯವಾಗಿರುತ್ತದೆ.

ಎಲ್ಲರಿಗೂ ಗೊತ್ತಿಲ್ಲದ ಕಥೆಯಲ್ಲಿ ನಷ್ಟ ಇನ್ನೂ ಹೆಚ್ಚು. ಸಿದ್ಧರಾಮೇಶ್ವರ ಪುರಾಣ ಇಲ್ಲಿ ಒಳ್ಳೆಯ ಉದಾಹರಣೆ. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆಯಾದ ಜಯದೇವಿತಾಯಿಯವರು ಸೊಲ್ಲಾಪುರದ ಸಿದ್ಧರಾಮನ ಜೀವನವನ್ನು ಹೇಳಲು ಆರಿಸಿಕೊಂಡದ್ದು ತ್ರಿಪದಿ. ರಾಘವಾಂಕನು ಅದೇ ಶಿವಯೋಗಿಯ ಕಥೆಯನ್ನು ಷಟ್ಪದಿಯಲ್ಲಿ ಹೇಳಿದ್ದ; ಇವರು ಬೀಸುವ ಕಲ್ಲಿನ ಮುಂದಿನ ಹೆಂಗಸರ ಛಂದಸ್ಸಿಗೆ ಮರಳಿದರು. ತ್ರಿಪದಿ ನೋಡಲು ಮುಕ್ತಕದಂತೆ ಇರುತ್ತದೆ, ಮೂರು ಸಾಲಿಗೆ ಮುಗಿಯುತ್ತದೆ. ಪೋಸ್ಟಿನಲ್ಲಿ ಹಾಕಲು ಇದಕ್ಕಿಂತ ಅನುಕೂಲವಾದ ಪದ್ಯ ಇನ್ನೊಂದಿಲ್ಲ ಎನಿಸುತ್ತದೆ. ಆದರೆ ಇಲ್ಲಿ ಅದು ಕಥೆಯ ಮೆಟ್ಟಿಲು. ಸರ್ವಜ್ಞನ ತ್ರಿಪದಿಯಂತೆ ಅದನ್ನು ಬಿಡಿಯಾಗಿ ಕಿತ್ತು ಮತಕ್ಕಿಟ್ಟರೆ ನೀತಿಯಂತೆ ಕೇಳಿಸುವ ಪದ್ಯಗಳು ಗೆಲ್ಲುತ್ತವೆ, ಕಥೆಯನ್ನು ನಡೆಸುವ ಪದ್ಯಗಳು ಸೋಲುತ್ತವೆ. ಪುರಾಣ ಸುಭಾಷಿತಗಳ ಸಂಗ್ರಹವಾಗಿ ಮಾರ್ಪಡುತ್ತದೆ.

ವಚನದ ವಿಷಯದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಸಿದ್ಧರಾಮನ ಒಂದು ವಚನ ಸಂಕಲನದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಶೂನ್ಯಸಂಪಾದನೆಯಲ್ಲಿ ವಚನಗಳು ಸಂವಾದದ ಉತ್ತರಗಳಾಗುತ್ತವೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುವ ಕೆಲಸದಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಅಲ್ಲಮನು ಕೆಣಕುತ್ತಾನೆ, ಕೆಲಸದವರು ಕೆರಳುತ್ತಾರೆ, ಸಿದ್ಧರಾಮನು ಸಿಟ್ಟಿನಿಂದ ಬರುತ್ತಾನೆ, ಮಾತಿಗೆ ಮಾತು ಬೆಳೆದು ಕೊನೆಗೆ ಅವನ ನಿಲುವೇ ಬದಲಾಗುತ್ತದೆ. ಈ ಸಂವಾದದಿಂದ ಒಂದು ವಚನವನ್ನು ಮಾತ್ರ ಮತಕ್ಕಿಟ್ಟರೆ ಯಾವ ಪ್ರಶ್ನೆಗೆ ಅದು ಉತ್ತರವೋ ಆ ಪ್ರಶ್ನೆ ಹೊರಗುಳಿಯುತ್ತದೆ. ಹಾಗಾಗಿ ಮತಕ್ಕಿಡುವ ಮೊದಲು ಸಂಪಾದಕನು ತನ್ನನ್ನು ಕೇಳಿಕೊಳ್ಳಬೇಕಾದದ್ದು ಇಷ್ಟು: ನಾನು ಕೊಡುತ್ತಿರುವ ಘಟಕ ತಾನಾಗಿ ನಿಲ್ಲಬಲ್ಲದೇ? ನಿಲ್ಲದಿದ್ದರೆ ಘಟಕವನ್ನು ದೊಡ್ಡದು ಮಾಡಬೇಕು. ಅಲ್ಲಮ ಮತ್ತು ಸಿದ್ಧರಾಮರ ಭೇಟಿ ಇಡಿಯಾಗಿ ಒಂದು ಆಯ್ಕೆಯಾಗಬೇಕು, ಅದರ ಒಳಗಿನ ಒಂದೊಂದು ವಚನವಲ್ಲ.

ಹರಕೆಯ ಆಟದಲ್ಲಿ ಆಯ್ಕೆ

ಮುಂದಿನ ಕಥೆಯನ್ನು ಕೇಳುಗರು ಆರಿಸುವ ಪದ್ಧತಿ ನಮಗೆ ಹೊಸದಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಹರಕೆಯ ಬಯಲಾಟದಲ್ಲಿ ಆಟ ಆಡಿಸುವ ಮನೆಯವರು ಯಾವ ಪ್ರಸಂಗ ಆಗಬೇಕೆಂದು ಹೇಳುವುದು ರೂಢಿ. ಈ ಆಯ್ಕೆಯೂ ಪೋಲಿನ ಆಯ್ಕೆಯೂ ಮೇಲ್ನೋಟಕ್ಕೆ ಒಂದೇ ಎನಿಸಿದರೂ ಎರಡು ಕಡೆ ಬೇರೆಯಾಗುತ್ತವೆ.

ಮೊದಲನೆಯದು ಘಟಕದ ಗಾತ್ರ. ಪ್ರಸಂಗ ಎಂಬುದು ದೊಡ್ಡ ಕಥೆಯಿಂದ ಕತ್ತರಿಸಿ ತೆಗೆದ, ಆದರೆ ಒಂದು ರಾತ್ರಿಗೆ ತಾನಾಗಿ ಪೂರ್ಣವಾಗುವ ಭಾಗ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ಪ್ರಸಂಗಗಳಲ್ಲಿ ‘ಪಂಚವಟಿ’ಯನ್ನು ಆಡಿದ ಮೇಲೆ ಮುಂದಿನ ರಾತ್ರಿ ಇನ್ನೊಂದೂರಿನಲ್ಲಿ ‘ಪಟ್ಟಾಭಿಷೇಕ’ವಾದರೆ ರಾಮಾಯಣ ಕೆಡುವುದಿಲ್ಲ. ಆರಿಸುವವರಿಗಾಗಿಯೇ ಎಂಬಂತೆ ಈ ಕತ್ತರಿಕೆಯನ್ನು ಪರಂಪರೆ ಮೊದಲೇ ಮಾಡಿಟ್ಟಿದೆ. ಪೋಲಿಗೆ ಒಗ್ಗುವ ಕಥಾಘಟಕ ಯಾವುದು ಎಂದು ಹುಡುಕುವವರಿಗೆ ಪ್ರಸಂಗದ ಅಳತೆ ಸಿದ್ಧ ಮಾದರಿ.

ಎರಡನೆಯದು ಹೊಣೆ. ಹರಕೆ ಹೊತ್ತವರು ಖರ್ಚನ್ನು ಕೊಡುತ್ತಾರೆ, ಊರನ್ನು ಕರೆಯುತ್ತಾರೆ, ಬೆಳಗಿನವರೆಗೆ ಎದುರಿಗೆ ಕುಳಿತಿರುತ್ತಾರೆ. ಆಯ್ಕೆ ಯಾರದೆಂದು ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾದದ್ದೆಂದರೆ ಆಯ್ಕೆ ಮನೆಯಿಂದ ಮನೆಗೆ, ಊರಿನಿಂದ ಊರಿಗೆ ದಾಟುತ್ತದೆ. ಇಂದು ಈ ಮನೆಯ ಆಟ, ನಾಳೆ ಆ ಮನೆಯದು. ನಾಲ್ಕು ಜನರ ಸಣ್ಣ ಕುಟುಂಬಕ್ಕೂ ತನ್ನ ರಾತ್ರಿ ಎಂಬುದೊಂದು ಇರುತ್ತದೆ. ಹರಕೆಯಾಟ ಸಮಾನತೆಯ ವ್ಯವಸ್ಥೆಯೇನಲ್ಲ. ಖರ್ಚು ಕೊಡಲಾಗದವರಿಗೆ ಅಲ್ಲಿ ಆಯ್ಕೆ ಇಲ್ಲ. ಆದರೆ ಅಲ್ಲಿ ಬಹುಮತ ಇಲ್ಲ, ಸರದಿ ಇದೆ. ಪೋಲಿನಲ್ಲಿ ಬಹುಮತ ಇದೆ, ಸರದಿ ಇಲ್ಲ.

ಸದಾ ಸೋಲುವವರು

ಸರದಿಯಿಲ್ಲದ ಬಹುಮತ ಏನು ಮಾಡುತ್ತದೆಂದು ನೋಡಲು ಹಿಂದಿನ ಲೆಕ್ಕಕ್ಕೇ ಮರಳೋಣ. ಮೂರೇ ವಿಭಾಗಗಳ ಪಟ್ಟಿ, 58, 27 ಮತ್ತು 15ರ ಹಂಚಿಕೆ. ಹತ್ತು ವಾರ ಹೀಗೇ ಮತ ಬಿದ್ದರೆ ಹತ್ತು ವಾರವೂ ಕುಮಾರವ್ಯಾಸನೇ ಗೆಲ್ಲುತ್ತಾನೆ. ಯಾವ ವಾರವೂ ಮೋಸ ನಡೆದಿಲ್ಲ, ಎಣಿಕೆ ತಪ್ಪಿಲ್ಲ. ಆದರೂ ನೂರರಲ್ಲಿ 42 ಮಂದಿ ಹತ್ತು ವಾರದಲ್ಲಿ ಒಮ್ಮೆಯೂ ತಾವು ಬಯಸಿದ್ದನ್ನು ಕೇಳಲಿಲ್ಲ. ಪ್ರತಿಯೊಂದು ವಾರವೂ ನ್ಯಾಯವಾಗಿದ್ದು ಹತ್ತು ವಾರ ಒಟ್ಟಿಗೆ ಅನ್ಯಾಯವಾಗುವ ಬಗೆ ಇದು. ಒಂದೇ ಸಲ ನಡೆಯುವ ಚುನಾವಣೆಯ ನಿಯಮವನ್ನು ಪ್ರತಿವಾರ ನಡೆಯುವ ಆಯ್ಕೆಗೆ ಹಾಗೆಯೇ ಹಚ್ಚಿದ್ದರ ಫಲ.

ಕನ್ನಡ ಚಾನೆಲ್ಲೊಂದರ ಕೇಳುಗರಲ್ಲಿ ಕಾಸರಗೋಡಿನವರು, ಜತ್ತ ಮತ್ತು ಅಕ್ಕಲಕೋಟೆಯವರು, ತಾಳವಾಡಿಯವರು, ಆದವಾನಿಯವರು ಸಂಖ್ಯೆಯಲ್ಲಿ ಕಡಮೆಯಿರುವುದು ಸಹಜ. ರಾಜ್ಯದ ಲೆಕ್ಕದಲ್ಲಿ ಭಾಷಾ ಅಲ್ಪಸಂಖ್ಯಾತರಾದ ಇವರು, ತಮ್ಮ ಭಾಷೆಯದೇ ಆದ ಈ ಅಂಗಳಕ್ಕೆ ಬಂದರೂ ಅಲ್ಪಸಂಖ್ಯಾತರೇ ಆಗುತ್ತಾರೆ. ಅಲ್ಲಿ ಸೋಲುವುದು ಭಾಷೆಯ ಕಾರಣದಿಂದ, ಇಲ್ಲಿ ಸೋಲುವುದು ಸ್ಥಳದ ಕಾರಣದಿಂದ. ಅವರೊಂದಿಗೆ ಸೋಲುವುದು ಅವರ ಸ್ಥಳೀಯ ಪಠ್ಯಗಳು. ವಾಚನವಾಗದ ಪಠ್ಯಕ್ಕೆ ಧ್ವನಿಮುದ್ರಣ ಇರುವುದಿಲ್ಲ. ಧ್ವನಿಮುದ್ರಣ ಇಲ್ಲದ್ದರ ಹೆಸರು ಯಾರ ಕಿವಿಗೂ ಬೀಳುವುದಿಲ್ಲ. ಹೆಸರು ಗೊತ್ತಿಲ್ಲದ್ದಕ್ಕೆ ಮುಂದಿನ ಪೋಲಿನಲ್ಲೂ ಮತ ಬರುವುದಿಲ್ಲ. ಆಯ್ಕೆಯ ಸಲಕರಣೆ ಹೀಗೆ ಪರಿಚಿತವಾದುದನ್ನು ಇನ್ನಷ್ಟು ಪರಿಚಿತಗೊಳಿಸುವ ಯಂತ್ರವಾಗುತ್ತದೆ.

ಹಾಗಾದರೆ ಪೋಲನ್ನೇ ಬಿಟ್ಟುಬಿಡಬೇಕೆ? ಬೇಕಾಗಿಲ್ಲ. ಎಣಿಸುವ ಕ್ರಮವನ್ನು ಬದಲಿಸಿದರೆ ಸಾಕು. ಅದಕ್ಕೆ ಒಂದು ಪುಸ್ತಕ, ಒಂದು ಲೇಖನಿ ಬೇಕು, ಅಷ್ಟೆ. ಸೋತ ಆಯ್ಕೆಯ ಮತಗಳನ್ನು ಅಳಿಸದೆ ಬಾಕಿಯಾಗಿ ಮುಂದಿನ ವಾರಕ್ಕೆ ಒಯ್ಯುವುದು, ಗೆದ್ದ ಆಯ್ಕೆಯ ಖಾತೆಯನ್ನು ಸೊನ್ನೆ ಮಾಡುವುದು, ಇದೇ ನಿಯಮ. ಅದೇ ಲೆಕ್ಕವನ್ನು ಈ ನಿಯಮದಂತೆ ನಡೆಸೋಣ.

ಮೊದಲ ವಾರ 58, 27, 15. ಕುಮಾರವ್ಯಾಸ ಗೆದ್ದ, ಅವನ ಖಾತೆ ಸೊನ್ನೆ. ಎರಡನೆಯ ವಾರ ಅವನಿಗೆ ಮತ್ತೆ 58; ಪ್ರಸಂಗಕ್ಕೆ ಬಾಕಿ ಸೇರಿ 54; ಪುರಾಣಕ್ಕೆ 30. ಗೆದ್ದವನು ಮತ್ತೆ ಕುಮಾರವ್ಯಾಸ. ಮೂರನೆಯ ವಾರ 58, 81, 45: ಪ್ರಸಂಗದ ಸರದಿ ಬಂತು, ಅದರ ಖಾತೆ ಸೊನ್ನೆಯಾಯಿತು. ನಾಲ್ಕನೆಯ ವಾರ ಕುಮಾರವ್ಯಾಸನಿಗೆ 116, ಪ್ರಸಂಗಕ್ಕೆ 27, ಪುರಾಣಕ್ಕೆ 60, ಕುಮಾರವ್ಯಾಸನೇ. ಐದನೆಯ ವಾರ 58, 54, 75: ನೂರರಲ್ಲಿ 15 ಮಂದಿ ಮಾತ್ರ ಬಯಸುವ ತ್ರಿಪದಿಯ ಪುರಾಣ ವಾಚನವಾಗುತ್ತದೆ. ಹೀಗೆ ಹತ್ತು ವಾರ ಮುಗಿಸಿದರೆ ಕುಮಾರವ್ಯಾಸನಿಗೆ 6, ಪ್ರಸಂಗಕ್ಕೆ 2, ಪುರಾಣಕ್ಕೆ 2 ವಾರ ಸಿಗುತ್ತವೆ. ಬಹುಮತದವರ ಪಾಲು ಕಸಿದಂತಾಗಲಿಲ್ಲ. ಹತ್ತರಲ್ಲಿ ಆರು ಅವರದೇ. ಉಳಿದವರಿಗೆ ಕಾಯುವುದಕ್ಕೆ ಒಂದು ಅರ್ಥ ಬಂತು, ಏಕೆಂದರೆ ಸೋತ ಮತ ಇಲ್ಲಿ ವ್ಯರ್ಥವಾಗುವುದಿಲ್ಲ.

ಈ ಕ್ರಮ ನಡೆಯಬೇಕಾದರೆ ಕೆಲವು ಷರತ್ತುಗಳಿವೆ. ಪಟ್ಟಿಯಲ್ಲಿ ಇಡಬೇಕಾದದ್ದು ವಿಭಾಗಗಳನ್ನು. ಬಿಡಿ ಪದ್ಯಗಳ ಹೆಸರು ವಾರವಾರ ಬದಲಾದರೆ ಬಾಕಿಯನ್ನು ಒಯ್ಯಲು ಖಾತೆಯೇ ಇರುವುದಿಲ್ಲ. ವಿಭಾಗವನ್ನು ಕೇಳುಗರು ಆರಿಸಲಿ, ಅದರೊಳಗಿನ ಕ್ರಮವನ್ನು ಕೃತಿಯೇ ನಿರ್ಧರಿಸಲಿ. ಆಗ ಹಿಂದೆ ಹೇಳಿದ ಕಥೆಯ ಕ್ರಮದ ಸಮಸ್ಯೆಯೂ ಬಗೆಹರಿಯುತ್ತದೆ: ಪುರಾಣದ ಸರದಿ ಐದನೆಯ ವಾರ ಬಂದರೂ ಒಂಬತ್ತನೆಯ ವಾರ ಬಂದರೂ ಅದು ಹಿಂದೆ ನಿಲ್ಲಿಸಿದಲ್ಲಿಂದಲೇ ಮುಂದುವರಿಯುತ್ತದೆ. ಎರಡನೆಯದಾಗಿ, ಒಯ್ಯಬೇಕಾದದ್ದು ಶೇಕಡಾವಾರು ಪಾಲನ್ನು, ಮತಗಳ ಸಂಖ್ಯೆಯನ್ನಲ್ಲ. ಪೋಸ್ಟು ಒಂದು ವಾರ ಬಹಳ ಜನರಿಗೆ, ಇನ್ನೊಂದು ವಾರ ಕೆಲವರಿಗೆ ಕಾಣಿಸಿರಬಹುದು. ಸಂಖ್ಯೆಯನ್ನು ಒಯ್ದರೆ ಆ ಒಂದು ವಾರವೇ ಮುಂದಿನ ತಿಂಗಳುಗಳನ್ನು ಆಳುತ್ತದೆ. ಮೂರನೆಯದಾಗಿ, ಮತ ಮುಗಿಯುವ ಹೊತ್ತನ್ನು ಪೋಸ್ಟಿನಲ್ಲಿಯೇ ಹೇಳಿ, ಆ ಹೊತ್ತಿನ ಅಂಕಿಯನ್ನು ಬರೆದಿಟ್ಟು ಪ್ರಕಟಿಸಬೇಕು. ವಾಚನ ಆದ ಮೇಲೂ ಮತ ಬೀಳುತ್ತಿದ್ದರೆ ಯಾವ ಅಂಕಿಯ ಮೇಲೆ ನಿರ್ಧಾರವಾಯಿತೆಂಬುದು ಜಗಳಕ್ಕೆ ಕಾರಣವಾಗುತ್ತದೆ.

ಬಾಕಿಯ ಲೆಕ್ಕಕ್ಕೂ ಮಿತಿಯಿದೆ. ಮತ ಹಾಕಲು ಬಾರದವರನ್ನು ಅದು ಕರೆತರುವುದಿಲ್ಲ. ಅಕ್ಷರ ಓದಲಾಗದ ಕೇಳುಗ, ಪೋಸ್ಟು ಕಾಣದ ಕೇಳುಗ ಹೊರಗೇ ಉಳಿಯುತ್ತಾರೆ. ಒಂದು ಗುಂಪು ಒಟ್ಟಾಗಿ ಬಂದು ಒಂದೆರಡು ವಾರ ಮತ ಸುರಿದು ಹೋದರೆ ಆ ಬಾಕಿಯೂ ಖಾತೆಯಲ್ಲಿ ಕುಳಿತಿರುತ್ತದೆ. ಇದನ್ನು ಕಂಡುಹಿಡಿಯಲು ಮತವನ್ನು ಕೇಳ್ಮೆಯೊಂದಿಗೆ ಹೋಲಿಸಬೇಕು. ಮತ ಬಹಳ ಬಂದು, ವಾಚನ ಬಂದಾಗ ಕೇಳಿದವರು ಕಡಮೆಯಿದ್ದರೆ, ಅಥವಾ ಕೇಳಲು ಬಂದವರು ಮೊದಲ ನಿಮಿಷದಲ್ಲೇ ಹೊರಟುಹೋಗಿದ್ದರೆ, ಆ ಮತ ಹೆಸರಿಗೆ ಬಿದ್ದದ್ದು. ಮತ ಕಡಮೆ ಬಂದು, ಕೇಳಿದವರು ಕೊನೆಯವರೆಗೂ ಉಳಿದಿದ್ದರೆ ಆ ವಿಭಾಗಕ್ಕೆ ಮತಪತ್ರದಲ್ಲಿ ಕಾಣದ ಕೇಳುಗರಿದ್ದಾರೆ ಎಂದರ್ಥ. ಗಡಿಯ ಪಠ್ಯಗಳ ವಿಷಯದಲ್ಲಿ ಹುಡುಕಬೇಕಾದ ಲಕ್ಷಣ ಈ ಎರಡನೆಯದು.

ಸಾಹಿತ್ಯದಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಮುಂದಿನವರಿಗೆ ದಾಟಿಸಬೇಕು ಎಂಬ ನಿರ್ಧಾರವನ್ನು ಇದುವರೆಗೆ ಪಠ್ಯಪುಸ್ತಕ ಸಮಿತಿಗಳು, ಅಕಾಡೆಮಿಗಳು, ಸಂಪಾದಕರು ತೆಗೆದುಕೊಂಡಿದ್ದಾರೆ. ಅವರ ಪಟ್ಟಿಗಳಲ್ಲಿ ಗೋವಿಂದ ಪೈಗಳಂಥ ಕೆಲವರು ಮಂಜೇಶ್ವರದಿಂದ ಒಳಗೆ ಬಂದರು, ಹಲವರು ಹೊರಗುಳಿದರು. ಆ ಪಟ್ಟಿಗಳನ್ನು ನಾವು ಹೆಸರು ಹಿಡಿದು ಟೀಕಿಸಬಹುದಿತ್ತು. ಪೋಲಿನ ಪಟ್ಟಿಯನ್ನು ಟೀಕಿಸುವುದು ಕಷ್ಟ, ಏಕೆಂದರೆ ಅದು ಜನರ ಹೆಸರಿನಲ್ಲಿ ಬರುತ್ತದೆ. ಆದ್ದರಿಂದ ವಿಮರ್ಶಕನು ಇನ್ನು ಮುಂದೆ ಯಾವ ಪದ್ಯ ಗೆದ್ದಿತು ಎಂದು ನೋಡಿ ಸುಮ್ಮನಾಗುವಂತಿಲ್ಲ. ಪಟ್ಟಿಯಲ್ಲಿ ಎಷ್ಟು ಹೆಸರುಗಳಿದ್ದವು, ಅವುಗಳನ್ನು ಯಾರು ಇಟ್ಟರು, ಮತ ಎಷ್ಟು ಹೊತ್ತಿಗೆ ಮುಗಿಯಿತು, ಸೋತ ಮತಗಳು ಎಲ್ಲಿಗೆ ಹೋದವು ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ‘ಎಲ್ಲಿಗೂ ಹೋಗಲಿಲ್ಲ, ಖಾತೆಯಲ್ಲಿವೆ’ ಎಂದು ಉತ್ತರ ಬಂದರೆ, ಸಿದ್ಧರಾಮನ ಊರಿನ ಮೂರು ಸಾಲಿನ ಪದ್ಯಕ್ಕೆ ಐದನೆಯ ವಾರ ಒಂದಿದೆ.